ಮೊದಲು ತಪ್ಪಿದ ಸಾಲು ಯಾವುದು?

ಬೋಧನಾಭ್ಯಾಸದ ಹಿಂದಿನ ಸಂಜೆ ಸಹಪಾಠಿಯೊಬ್ಬರು ತಾವು ಬಿಡಿಸಿದ ಲೆಕ್ಕದ ಫೋಟೊ ಕಳುಹಿಸಿ, ‘ಒಮ್ಮೆ ನೋಡಿ’ ಎಂದರು. ಪೀನ ಮಸೂರದ ಸಂಗಮದೂರ 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಅವರ ಉತ್ತರ +6 ಸೆಂ.ಮೀ. ಇಂತಹ ವಸ್ತುವಿನ ಸತ್ಯ ಪ್ರತಿಬಿಂಬ ಪೀನ ಮಸೂರದ ಸಂಗಮದೂರಕ್ಕಿಂತ ಹತ್ತಿರದಲ್ಲಿ ಮೂಡುವುದಿಲ್ಲ. ಹಾಗಾಗಿ ಉತ್ತರ ತಪ್ಪೆಂದು ಕೂಡಲೇ ತಿಳಿಯಿತು. ಆದರೆ ಎಲ್ಲಿ ತಪ್ಪಿತೆಂದು ತಿಳಿಯಲಿಲ್ಲ.

ಮೇಲಿನಿಂದ ಸಾಲು ಸಾಲಾಗಿ ನೋಡಿದೆ. u = −15 ಸರಿಯಾಗಿತ್ತು. ಮುಂದೆ 1/v = 1/10 + 1/15 ಎಂದಿತ್ತು; ಅಲ್ಲಿ 1/10 − 1/15 ಇರಬೇಕು. ಚಿಹ್ನೆ ಬಿಟ್ಟಿದ್ದಾರೆ ಎಂದು ಬರೆಯಹೊರಟವನು ತಡೆದೆ. ಮಸೂರ ಸೂತ್ರದಲ್ಲಿ u ಬೆಲೆಯ ಋಣ ಚಿಹ್ನೆ ಬಿಟ್ಟರೂ ಇದೇ ಸಾಲು ಬರುತ್ತದೆ. ದರ್ಪಣ ಸೂತ್ರದಲ್ಲಿ −15 ಅನ್ನು ಸರಿಯಾಗಿ ಹಾಕಿದರೂ ಇದೇ ಬರುತ್ತದೆ. ಸೂತ್ರ ಬರೆದ ಸಾಲು ಫೋಟೊದಲ್ಲಿ ಬಿಟ್ಟುಹೋಗಿತ್ತು.

ಪೂರ್ತಿ ಪುಟ ತರಿಸಿ ನೋಡಿದರೆ ಅಲ್ಲಿದ್ದುದು 1/v + 1/u = 1/f, ಅಂದರೆ ದರ್ಪಣ ಸೂತ್ರ. ಮೊದಲ ತಪ್ಪು ಅದೇ. ಉಳಿದ ಸಾಲುಗಳೆಲ್ಲ ಅದಕ್ಕೆ ತಕ್ಕಂತೆ ಸರಿಯಾಗಿಯೇ ಇದ್ದವು. ನಾನು ‘ಚಿಹ್ನೆ ತಿದ್ದಿ’ ಎಂದಿದ್ದರೆ ಉತ್ತರ 30 ಸೆಂ.ಮೀ. ಬರುತ್ತಿತ್ತು, ಮರುದಿನ ಕಪ್ಪುಹಲಗೆಯ ಮೇಲೆ ಮಾತ್ರ ದರ್ಪಣ ಸೂತ್ರವೇ ಇರುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಸೂತ್ರದ ಸಾಲು ಕಾಣದೆ ತಪ್ಪಿನ ಕಾರಣ ಹೇಳಬಾರದು. ಮೊದಲು ತಪ್ಪಿದ ಸಾಲಿಗೆ ಮಾತ್ರ ಗುರುತು ಹಾಕಿ, ಮುಂದಿನದನ್ನು ಬಿಡಿಸಿದವರಿಗೇ ಬಿಡಬೇಕು.