ಟಾರ್ಗೆಟ್ ಮುಟ್ಟಿದರೆ ಸಾಕೆ?

‘ಫೀಲ್ಡಿನಲ್ಲಿ ಟಾರ್ಗೆಟ್ ಮುಟ್ಟಿದವರು ಕೀ ಅಕೌಂಟನ್ನೂ ಸಲೀಸಾಗಿ ನಿಭಾಯಿಸುತ್ತಾರೆ’ ಎಂದು ಬರೆದ ಲೇಖಕರು ಡೆಬಿಟ್ ನೋಟ್ ಕಂಡಂತಿಲ್ಲ. ತಿಂಗಳ ಕೊನೆಗೆ ನಾಲ್ಕು ಪೆಟ್ಟಿಗೆ ಹೆಚ್ಚಿಗೆ ಇಳಿಸಿದರೆ ಕಿರಾಣಿ ಅಂಗಡಿಯವರು ಗೊಣಗಿ ಸುಮ್ಮನಾಗಬಹುದು. ಅದೇ ಚಾಳಿಯಲ್ಲಿ ಸೂಪರ್‌ಮಾರ್ಕೆಟ್ ಸರಣಿಯೊಂದಕ್ಕೆ ಮಾರ್ಚ್ ಅಂತ್ಯದಲ್ಲಿ 100 ಪೆಟ್ಟಿಗೆ ಬಿಸ್ಕತ್ತು ತುಂಬಿದರೆನ್ನಿ. 60 ಖರ್ಚಾಯಿತು, ಉಳಿದ 40 ಅವಧಿ ಮುಗಿಯುವ ಹೊತ್ತಿಗೆ ವಾಪಸ್. ಒಪ್ಪಂದದಲ್ಲಿ ವಾಪಸಾತಿ ಷರತ್ತಿದ್ದರೆ ಅಷ್ಟೂ ಹಣವನ್ನು ಮುಂದಿನ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ. (ಇನ್ಸೆಂಟಿವ್ ಮಾತ್ರ ಅಷ್ಟರಲ್ಲಿ ಜೇಬು ಸೇರಿರುತ್ತದೆ!) ಕೀ ಅಕೌಂಟ್‌ನವರು ನೋಡಬೇಕಾದ್ದು ಗೋದಾಮಿಗೆ ಹೋದ ಲೆಕ್ಕವನ್ನಲ್ಲ, ಕೌಂಟರಿನಲ್ಲಿ ಬಿಲ್ ಆದ ಲೆಕ್ಕವನ್ನು. ಬಡ್ತಿಗೆ ಮುನ್ನ ಒಂದು ಮಳಿಗೆಯ ವಾರದ ಮಾರಾಟ, ದಾಸ್ತಾನಿನ ಲೆಕ್ಕ ಕೈಗೆ ಕೊಟ್ಟು, ಮುಂದಿನ ಆರ್ಡರ್ ಎಷ್ಟೆಂದು ಕೇಳಿ. ವಾರಕ್ಕೆ 15 ಪೆಟ್ಟಿಗೆ ಖಾಲಿಯಾಗುವ ಕಡೆ 100 ಬರೆಯುವವರು ಇನ್ನೂ ಸ್ವಲ್ಪ ದಿನ ಬೀಟ್‌ನಲ್ಲೇ ಇರಲಿ.