ಅಜ್ಜಿಯ ತುರುಬಿಗೊಂದು ಅರ್ಜಿ

ಪ್ರೀತಿಯ ಅಜ್ಜಿ,

ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು "ಒಲೆಯ ಮೇಲೆ ಹಾಲಿಟ್ಟಿದ್ದೇನೆ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಹಾಲು ಕೆಳಗಿಳಿಸಿ, ಕನ್ನಡಕ ಹಾಕಿಕೊಂಡು ಓದು. ನಾನು ಕೇಳುವುದು ಇಷ್ಟೇ: ಸೊಂಟದವರೆಗಿನ ನಿನ್ನ ಕೂದಲನ್ನು ಹೆಗಲ ಮಟ್ಟಕ್ಕೆ ಇಳಿಸು.

ಮೊದಲು ನಿನ್ನ ಎಡತೋಳಿನ ಮಾತು. ಅದು ಮೇಲೇಳದೆ ಎಂಟು ತಿಂಗಳಾಯಿತು. ಸಕ್ಕರೆ ಕಾಯಿಲೆಯವರಿಗೆ ಹೀಗೆ ಹೆಗಲ ಕೀಲು ಬಿಗಿಯುವುದು ಹೆಚ್ಚು, ಸಡಿಲವಾಗಲು ವರ್ಷವೋ ಎರಡು ವರ್ಷವೋ ಬೇಕು ಎಂದು ಡಾಕ್ಟರು ಹೇಳಿದರಲ್ಲ. ತುರುಬು ಕಟ್ಟಲು ಎರಡೂ ಕೈ ತಲೆಯ ಹಿಂದಕ್ಕೆ ಹೋಗಬೇಕು. ನಿನ್ನ ಹೆಗಲು ಬೇಡವೆನ್ನುವುದೂ ಅದೇ ಚಲನೆಯನ್ನು. ಅತ್ತೆ ಬಾಚಲಿ ಎಂದರೆ ಅವಳಿಗೆ ಏಳು ಗಂಟೆಯ ಬಸ್ಸು. ಹಾಗಾಗಿ ನೀನು ನೋವು ನುಂಗಿ ಹೇಗೋ ಸುತ್ತಿಕೊಳ್ಳುತ್ತೀ.

ಎರಡನೆಯದು, ತಲೆಸ್ನಾನ. ವಾರಕ್ಕೊಮ್ಮೆ ಎರೆದುಕೊಳ್ಳುತ್ತಿದ್ದವಳು ಈಗ ಹದಿನೈದು ದಿನಕ್ಕೆ ಬಂದಿದ್ದೀ. ಮಲೆನಾಡಿನ ಮಳೆಗಾಲದಲ್ಲಿ ಅಷ್ಟುದ್ದ ಕೂದಲು ಸಂಜೆಯಾದರೂ ಆರುವುದಿಲ್ಲ. ಒದ್ದೆಯಲ್ಲೇ ಗಂಟು ಹಾಕಿದರೆ ಒಳಗೆ ಬೆವರು, ಎಣ್ಣೆ, ತೇವ ಸೇರಿ ಬುಡ ತುರಿಸುತ್ತದೆ, ಹೊಟ್ಟು ಏಳುತ್ತದೆ, ಒಂದು ಮುಗ್ಗಲು ವಾಸನೆ ಬರುತ್ತದೆ. ಇನ್ನು ತುರುಬು ಚಿಕ್ಕದಾಯಿತೆಂದು ಒಳಗೆ ಚೌರಿ ಇಟ್ಟು ಬಿಗಿಯುತ್ತೀಯಲ್ಲ, ಆ ಭಾರವನ್ನು ಎಳೆದು ಹಿಡಿಯುವುದು ಹಣೆಯಂಚಿನ ಕೂದಲು. ಕನ್ನಡಿಯಲ್ಲಿ ನೋಡಿಕೋ: ಕಿವಿಯ ಮೇಲ್ಗಡೆ ಅಂಚು ಹಿಂದೆ ಸರಿದಿದೆ, ತುಂಡಾದ ಸಣ್ಣ ಕೂದಲು ನಿಂತಿದೆ. ಇದು ವಯಸ್ಸಿನದು ಮಾತ್ರವಲ್ಲ, ಎಳೆತದ್ದೂ ಹೌದು. ಬೇಗ ಸಡಿಲ ಬಿಟ್ಟರೆ ಅಲ್ಲಿ ಮತ್ತೆ ಕೂದಲು ಬಂದೀತು. ವರ್ಷಗಟ್ಟಲೆ ಎಳೆದರೆ ಬುಡವೇ ಸಾಯುತ್ತದೆ.

ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ನಿನ್ನ ನಿಜವಾದ ಅಡ್ಡಿ ಬೇರೆ ಇದೆ. ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದು, ಹಿತ್ತಿಲಲ್ಲಿ ಕ್ಷೌರಿಕನ ಮುಂದೆ ಕೂರುತ್ತಿದ್ದ ನಿನ್ನ ಸೋದರತ್ತೆಯ ಕಥೆಯನ್ನು ನೀನೇ ನನಗೆ ಹೇಳಿದ್ದು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದಾಗ ನನಗೆ ಕಂಡದ್ದು ಅವರ ಮುಖವೇ. ತಾತ ಹೋದ ಮೇಲೆ ನಿನ್ನ ಕೂದಲಿಗೆ ಯಾರೂ ಕೈ ಹಚ್ಚಲಿಲ್ಲ. ಅದು ನಿನ್ನ ಗೆಲುವು, ಒಪ್ಪಿದೆ. ಕತ್ತರಿ ತಾಗಿದರೆ ಆ ಗೆಲುವು ಹೋಯಿತು ಎಂದು ನಿನ್ನ ಭಯ.

ನನ್ನ ಜಗಳ ಇರುವುದು ಇಲ್ಲೇ, ಅಜ್ಜಿ. ಸೋದರತ್ತೆಗೆ ಕೂದಲು ಹೋದದ್ದು ದೊಡ್ಡ ನೋವೇ. ಅದಕ್ಕಿಂತ ದೊಡ್ಡದು, ಅವರನ್ನು ಯಾರೂ ಕೇಳಲಿಲ್ಲ ಎನ್ನುವುದು. ಅವರದನ್ನು ಬೋಳಿಸಿದ್ದು ಊರು ಏನೆಂದೀತೆಂದು. ನೀನು ನೋವಿನಲ್ಲೂ ತುರುಬು ಕಟ್ಟುವುದು ಊರು ಏನೆಂದೀತೆಂದು. ಎರಡರಲ್ಲೂ ಯಜಮಾನಿಕೆ ಊರಿನದೇ ಆಯಿತಲ್ಲ! ನಿನ್ನ ತಲೆ, ನಿನ್ನ ಮಾತು, ನೀನು ಹೇಳಿದಷ್ಟೇ ಉದ್ದ. ಗೆಲುವೆಂದರೆ ಅದು.

ಕತ್ತರಿಸುವ ಕ್ರಮವನ್ನೂ ಹೇಳುತ್ತೇನೆ. ಮನೆಯಲ್ಲೇ ತಲೆಸ್ನಾನ ಮಾಡಿ ಆರಿಸಿಕೊಂಡು ಹೋಗೋಣ. ಪಾರ್ಲರಿನ ಬೇಸಿನ್ನಿಗೆ ಕತ್ತು ಹಿಂದಕ್ಕೆ ಬಾಗಿಸುವುದು ನಿನ್ನ ವಯಸ್ಸಿಗೆ ಒಳ್ಳೆಯದಲ್ಲ. ಕೂದಲನ್ನು ಎರಡು ಭಾಗ ಮಾಡಿ, ಹೆಗಲಿನಿಂದ ನಾಲ್ಕು ಬೆರಳು ಕೆಳಗೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಸುತ್ತೇನೆ. ಅದರ ಕೆಳಗೆ ಮೊದಲ ಕತ್ತರಿ. ಕನ್ನಡಿಯಲ್ಲಿ ನೋಡು, ಸಾಕೆಂದರೆ ಅಲ್ಲಿಗೇ ನಿಲ್ಲಿಸೋಣ. ಇನ್ನೂ ಸ್ವಲ್ಪ ಎಂದರೆ ಮಾತ್ರ ಹೆಗಲಿಗೆ. ತುದಿ ನೇರವಾಗಿರಲಿ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರೆ ತೆಳು ಕೂದಲು ಇನ್ನೂ ತೆಳುವಾಗಿ ಕಾಣುತ್ತದೆ. ಹೆಗಲಿಗಿಂತ ಮೇಲೆ ಬೇಡ: ಇಷ್ಟಿದ್ದರೆ ಒಂದೇ ಕೈಯಲ್ಲಿ ಒತ್ತಿ ಹಾಕುವ ದೊಡ್ಡ ಕ್ಲಿಪ್ಪು ನಿಲ್ಲುತ್ತದೆ, ನಿನ್ನ ತುಂಡು ಜಾಜಿದಂಡೆಯೂ ನಿಲ್ಲುತ್ತದೆ.

ಕತ್ತರಿಸಿದರೆ ದಟ್ಟವಾಗಿ ಬೆಳೆಯುತ್ತದೆ ಎಂದು ಆಸೆ ಹುಟ್ಟಿಸುವುದಿಲ್ಲ. ಕತ್ತರಿಗೆ ಬುಡದ ಸುದ್ದಿಯೇ ಗೊತ್ತಿಲ್ಲ. ಹೆಗಲೂ ಇದರಿಂದ ವಾಸಿಯಾಗದು, ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಬಿಡಬೇಡ. ಹಿಡಿಸದಿದ್ದರೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಮತ್ತೆ ಬೆಳೆದೀತು.

ಗೌರಿಹಬ್ಬಕ್ಕೆ ಬರುತ್ತೇನೆ. ಬೇಡವೆಂದರೆ ಇದ್ದಷ್ಟು ದಿನ ನಾನೇ ಬಾಚಿ, ಚೌರಿಯಿಲ್ಲದ ಸಡಿಲ ಜಡೆ ಹಾಕುತ್ತೇನೆ. ಆದರೆ ಆ 'ಬೇಡ' ನಿನ್ನದಾಗಿರಲಿ, ಊರಿನದಲ್ಲ.

ನಿನ್ನ ಮೊಮ್ಮಗಳು