ಅಪ್ಪನ ದುಡ್ಡು ಅಪ್ಪನ ಹೆಸರಲ್ಲೇ ದುಡೀಲಿ

ಹೆತ್ತೋರ ದುಡ್ಡು ಮೊದ್ಲು ದುಡೀಬೇಕು, ಕಮ್ಮಿ ಬಿದ್ದಷ್ಟು ಮಾತ್ರ ನಾವು ಹಾಕ್ಬೇಕು ಅಂತೀನಿ ನಾನು.

ಶಿಡ್ಲಘಟ್ಟದಾಗೆ ಅಪ್ಪ ರೇಷ್ಮೆ ರೀಲಿಂಗ್ ನಿಲ್ಸಿ ಮಿಷನ್ ಮಾರಿದ್ಮೇಲೆ ಮನೆ ಖರ್ಚಿಗೆ ತಿಂಗ್ಳಿಗೆ 5,000 ಕಳಿಸ್ತಿದ್ದೆ. ಮಗಳ ಓದಿಗಂತ ಕಟ್ತಿದ್ದ ಆರ್‌ಡಿ ನಿಂತೋಯ್ತು. ಮಿಷನ್ನಿನ 5 ಲಕ್ಷ ಮಾತ್ರ ಕಮ್ಮಿ ಬಡ್ಡಿಗೆ ಉಳಿತಾಯ ಖಾತೇಲಿ ಬಿದ್ದಿತ್ತು ಕಣ್ರಮ್ಮ!

2024ರಲ್ಲಿ ಅದ್ರಲ್ಲಿ 4 ಲಕ್ಷಾನ ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೇಲಿ ಅಪ್ಪನ ಹೆಸರಿಗೇ ಹಾಕಿಸ್ದೆ. 60 ದಾಟಿದೋರಿಗೆ ಅದು. 8.2% ಬಡ್ಡಿ, ಐದು ವರ್ಷ ಅದೇ ದರ. ಮೂರು ತಿಂಗ್ಳಿಗೊಂದ್ಸಲ 8,200 ಬತ್ತದೆ, ಅಮ್ಮ ಅದನ್ನ ಮೂರು ಪಾಲು ಮಾಡಿ ಇಟ್ಕೊಂತಾಳೆ. ವರ್ಷದೊಳಗೆ ಮುರಿದ್ರೆ ಬಡ್ಡಿ ಇಲ್ಲ, ಅದಕ್ಕೇ 1 ಲಕ್ಷ ಆಸ್ಪತ್ರೆಗಂತ ಹೊರಗಿಟ್ವಿ.

ಈಗ ನಾನು ಕಳ್ಸೋದು 2,500. ಮಿಕ್ಕಿದ್ದು ಮಗಳ ಆರ್‌ಡಿಗೆ. “ಕಮ್ಮಿ ಮಾಡ್ಬಿಟ್ಳು” ಅಂತ ಚಿಂತಾಮಣಿ ಚಿಕ್ಕಮ್ಮ ಆಡ್ಕೊಂಡ್ರು. ಆಡ್ಕೊಳ್ಲಿ, ಅಪ್ಪನ ಮನೆ ಖರ್ಚು ನಡೀತಾ ಐತೆ.